ಹಕ್ಕಿನ ಷೇರು ಬಂದಾಗ ಬೆಲೆ ಇಳಿಯುವುದೇಕೆ, ಒಂದು ಹಕ್ಕಿನ ಮೌಲ್ಯವೆಷ್ಟು?

2020ರ ಮೇ ತಿಂಗಳಲ್ಲಿ ರಿಲಯನ್ಸ್ ಇಂಡಸ್ಟ್ರೀಸ್‌ನ ಷೇರುಗಳನ್ನು ಹೊಂದಿದ್ದ ಲಕ್ಷಾಂತರ ಜನರ ಡಿಮ್ಯಾಟ್ ಖಾತೆಯಲ್ಲಿ ಅವರು ಖರೀದಿಸದ ಒಂದು ಹೊಸ ವಸ್ತು ಕಾಣಿಸಿಕೊಂಡಿತು. ಕಂಪನಿಯ ಹೆಸರು ಅದೇ ಆಗಿದ್ದರೂ ಅದರ ಮುಂದೆ ‘ಆರ್‌ಇ’ ಎಂಬ ಎರಡು ಅಕ್ಷರಗಳಿದ್ದವು. 150 ಷೇರುಗಳಿದ್ದವರ ಖಾತೆಯಲ್ಲಿ ಅಂಥವು 10 ಇದ್ದವು, 300 ಇದ್ದವರಲ್ಲಿ 20 ಇದ್ದವು. ಕೆಲವರು ಅವನ್ನು ಬೋನಸ್ ಷೇರುಗಳೆಂದು ತಿಳಿದರು, ಇನ್ನು ಕೆಲವರು ಏನೋ ತಾಂತ್ರಿಕ ನಮೂದು ಇರಬೇಕೆಂದು ಸುಮ್ಮನಾದರು. ಅವು ಬೋನಸ್ ಷೇರುಗಳೂ ಅಲ್ಲ, ಬರಿಯ ನಮೂದೂ ಅಲ್ಲ. ಅವುಗಳಿಗೆ ಬೆಲೆಯಿತ್ತು, ಎರಡು ವಾರಗಳಷ್ಟು ಆಯುಷ್ಯವಿತ್ತು, ಮತ್ತು ಅವಧಿ ಮುಗಿದ ಮೇಲೆ ಅವು ಸೊನ್ನೆಯಾಗುವವಿದ್ದವು.

ಯಾವುದೇ ಕಂಪನಿ ಹಕ್ಕಿನ ಷೇರು ಪ್ರಕಟಿಸಿದಾಗ ಸಾಮಾನ್ಯ ಷೇರುದಾರರಲ್ಲಿ ಎರಡು ಪ್ರಶ್ನೆಗಳು ಏಳುತ್ತವೆ. ಒಂದು, ನನ್ನ ಹಳೆಯ ಷೇರಿನ ಬೆಲೆ ಇದ್ದಕ್ಕಿದ್ದಂತೆ ಇಳಿದದ್ದೇಕೆ? ಎರಡು, ಖಾತೆಗೆ ಬಂದಿರುವ ಈ ಹಕ್ಕಿನ ಮೌಲ್ಯ ಎಷ್ಟು? ಎರಡಕ್ಕೂ ಒಂದೇ ಲೆಕ್ಕದಲ್ಲಿ ಉತ್ತರವಿದೆ, ಆ ಲೆಕ್ಕ ಪ್ರೌಢಶಾಲೆಯ ಸರಾಸರಿಗಿಂತ ಕಷ್ಟದ್ದಲ್ಲ.

## ಹಕ್ಕಿನ ಷೇರು ಎಂದರೇನು

ಕಂಪನಿಗೆ ಹೊಸ ಬಂಡವಾಳ ಬೇಕಾದಾಗ ಅದು ಸಾಲ ತರಬಹುದು ಅಥವಾ ಹೊಸ ಷೇರುಗಳನ್ನು ಮಾರಬಹುದು. ಹೊಸ ಷೇರುಗಳನ್ನು ಹೊರಗಿನವರಿಗೆ ಮಾರಿದರೆ ಈಗಿರುವ ಷೇರುದಾರರ ಪಾಲು ತೆಳ್ಳಗಾಗುತ್ತದೆ. ಆದ್ದರಿಂದ ಹೊಸ ಷೇರುಗಳನ್ನು ಮೊದಲು ಈಗಿನ ಷೇರುದಾರರಿಗೇ, ಅವರವರು ಹೊಂದಿರುವ ಪ್ರಮಾಣಕ್ಕೆ ತಕ್ಕಂತೆ ನೀಡುವ ದಾರಿಯೊಂದನ್ನು 2013ರ ಕಂಪನಿ ಕಾಯ್ದೆಯ 62ನೇ ಸೆಕ್ಷನ್ ಇಟ್ಟಿದೆ. ಇದನ್ನೇ ಹಕ್ಕಿನ ಷೇರು ಅಥವಾ ರೈಟ್ಸ್ ಇಶ್ಯೂ ಎನ್ನುತ್ತೇವೆ. ಹೀಗೆ ನೀಡುವ ಬೆಲೆ, ಅಂದರೆ ಹಕ್ಕಿನ ಬೆಲೆ, ಸಾಮಾನ್ಯವಾಗಿ ಮಾರುಕಟ್ಟೆ ಬೆಲೆಗಿಂತ ಕಡಿಮೆ ಇರುತ್ತದೆ, ಇಲ್ಲದಿದ್ದರೆ ಮಾರುಕಟ್ಟೆಯಲ್ಲೇ ಕೊಳ್ಳಬಹುದಾದ ಷೇರಿಗೆ ಕಂಪನಿಯ ಬಳಿ ಅರ್ಜಿ ಹಾಕುವವರು ಯಾರೂ ಇರುವುದಿಲ್ಲ.

ಷೇರುದಾರರು ಈ ಹಕ್ಕನ್ನು ಬಳಸಬಹುದು, ಬೇಡವೆಂದು ಬಿಡಬಹುದು, ಇಲ್ಲವೇ ಇನ್ನೊಬ್ಬರಿಗೆ ಬಿಟ್ಟುಕೊಡಬಹುದು. ಮೊದಲೆಲ್ಲ ಬಿಟ್ಟುಕೊಡುವುದಕ್ಕೆ ಕಾಗದದ ಅರ್ಜಿ, ಸಹಿ, ಅಂಚೆ ಎಲ್ಲವೂ ಬೇಕಿದ್ದರಿಂದ ಸಣ್ಣ ಷೇರುದಾರರಲ್ಲಿ ಬಹುತೇಕರು ಆ ಗೊಡವೆಗೇ ಹೋಗುತ್ತಿರಲಿಲ್ಲ. 2020ರ ಜನವರಿಯಲ್ಲಿ ಷೇರು ಮಾರುಕಟ್ಟೆಯ ನಿಯಂತ್ರಣ ಸಂಸ್ಥೆಯಾದ ಸೆಬಿ ಹೊರಡಿಸಿದ ಸುತ್ತೋಲೆಯ ನಂತರ ಹಕ್ಕುಗಳು ಡಿಮ್ಯಾಟ್ ರೂಪದಲ್ಲಿ ನೇರವಾಗಿ ಖಾತೆಗೆ ಬರತೊಡಗಿದವು ಮತ್ತು ಷೇರಿನಂತೆಯೇ ವಿನಿಮಯ ಕೇಂದ್ರದಲ್ಲಿ ಮಾರಾಟವಾಗತೊಡಗಿದವು. ‘ಆರ್‌ಇ’ ಎಂದರೆ ರೈಟ್ಸ್ ಎಂಟೈಟಲ್‌ಮೆಂಟ್, ಅಂದರೆ ಒಂದು ಹೊಸ ಷೇರನ್ನು ನಿಗದಿತ ಬೆಲೆಗೆ ಪಡೆಯುವ ಅರ್ಹತೆ.

ಇನ್ನೆರಡು ಮಾತುಗಳ ಅರ್ಥ ತಿಳಿದರೆ ಮುಂದಿನ ದಾರಿ ಸಲೀಸು. ಯಾವ ದಿನ ಷೇರು ಹೊಂದಿದವರಿಗೆ ಹಕ್ಕು ಸಲ್ಲುತ್ತದೆಯೋ ಅದು ರೆಕಾರ್ಡ್ ಡೇಟ್. ಹಕ್ಕೂ ಸೇರಿದಂತೆ ಷೇರು ಕೈ ಬದಲಿಸುವವರೆಗಿನ ಬೆಲೆಯನ್ನು ಕಮ್-ರೈಟ್ಸ್ ಬೆಲೆ ಎನ್ನುತ್ತಾರೆ. ಹಕ್ಕು ಕಳಚಿಕೊಂಡ ನಂತರ, ಬರಿಯ ಷೇರು ಮಾತ್ರ ಕೈ ಬದಲಿಸುವಾಗಿನ ಬೆಲೆ ಎಕ್ಸ್-ರೈಟ್ಸ್ ಬೆಲೆ. ರಿಲಯನ್ಸ್‌ನ ರೆಕಾರ್ಡ್ ಡೇಟ್ 2020ರ ಮೇ 14 ಆಗಿತ್ತು. ಆಗ ವಹಿವಾಟಿನ ಇತ್ಯರ್ಥಕ್ಕೆ ಎರಡು ದಿನ ಬೇಕಿದ್ದುದರಿಂದ ಮೇ 12ರೊಳಗೆ ಕೊಂಡವರಿಗೆ ಹಕ್ಕು ಸಿಕ್ಕಿತು, 13ರಂದು ಕೊಂಡವರಿಗೆ ಸಿಗಲಿಲ್ಲ.

## ಕಾಫಿ ಪುಡಿಯ ಅಂಗಡಿಯಲ್ಲಿ ಸಿಗುವ ಉತ್ತರ

ನಮ್ಮ ಊರುಗಳ ಕಾಫಿ ಪುಡಿ ಅಂಗಡಿಯಲ್ಲಿ ಚಿಕೋರಿ ಎಷ್ಟು ಬೆರೆಸಬೇಕೆಂದು ಕೇಳಿಯೇ ಪುಡಿ ಕಟ್ಟಿಕೊಡುತ್ತಾರೆ. ಲೆಕ್ಕಕ್ಕಾಗಿ ಕಾಫಿ ಪುಡಿ ಕಿಲೋಗೆ 600 ರೂಪಾಯಿ, ಚಿಕೋರಿ ಕಿಲೋಗೆ 200 ರೂಪಾಯಿ ಎಂದಿಟ್ಟುಕೊಳ್ಳೋಣ. ನಾಲ್ಕು ಕಿಲೋ ಕಾಫಿಗೆ ಒಂದು ಕಿಲೋ ಚಿಕೋರಿ ಬೆರೆಸಿದರೆ ಒಟ್ಟು ಐದು ಕಿಲೋ ಆಗುತ್ತದೆ, ಅದರಲ್ಲಿ ಅಡಗಿರುವ ಹಣ 2,400 ಮತ್ತು 200 ಸೇರಿ 2,600 ರೂಪಾಯಿ. ಒಂದು ಕಿಲೋ ಮಿಶ್ರಣದ ಬೆಲೆ 520 ರೂಪಾಯಿ.

ಕಿಲೋಗೆ 600 ಇದ್ದದ್ದು 520ಕ್ಕೆ ಇಳಿಯಿತೆಂದು ಅಂಗಡಿಯವರು ನಷ್ಟದ ಮಾತಾಡುವುದಿಲ್ಲ, ಏಕೆಂದರೆ ಡಬ್ಬಿಯೊಳಗಿನ ಒಟ್ಟು ಹಣ ಎಲ್ಲಿಗೂ ಹೋಗಿಲ್ಲ. ಕಡಿಮೆ ಬೆಲೆಯದೊಂದು ಭಾಗ ಸೇರಿದ್ದರಿಂದ ಪ್ರತಿ ಕಿಲೋದ ಬೆಲೆ ಕೆಳಗೆ ಬಂದಿದೆ, ಅಷ್ಟೇ. ಹಕ್ಕಿನ ಷೇರಿನ ನಂತರ ಬೆಲೆ ಇಳಿಯುವುದೂ ಹೀಗೆಯೇ. ಹಳೆಯ ಷೇರುಗಳು ಮಾರುಕಟ್ಟೆ ಬೆಲೆಯವು, ಹೊಸ ಷೇರುಗಳು ಅದಕ್ಕಿಂತ ಕಡಿಮೆ ಬೆಲೆಗೆ ಬಂದವು. ಬೆರೆತ ಮೇಲೆ ಯಾವುದು ಹಳೆಯದು, ಯಾವುದು ಹೊಸದು ಎಂದು ಬೇರ್ಪಡಿಸಲಾಗದು, ಎಲ್ಲಕ್ಕೂ ಒಂದೇ ಬೆಲೆ ಇರಬೇಕಾಗುತ್ತದೆ. ಆ ಬೆರೆತ ಬೆಲೆಗೇ ಸೈದ್ಧಾಂತಿಕ ಎಕ್ಸ್-ರೈಟ್ಸ್ ಬೆಲೆ ಎಂದು ಹೆಸರು. ಬಾಯಿಮಾತಿನಲ್ಲಿ ಅದನ್ನು ಟರ್ಪ್ ಎನ್ನುತ್ತಾರೆ. ಮಾರುಕಟ್ಟೆಯಲ್ಲಿ ಕಣ್ಣಿಗೆ ಕಾಣುವ ಬೆಲೆ ಇದಲ್ಲ, ಬೇರೇನೂ ಬದಲಾಗದಿದ್ದರೆ ಇರಬೇಕಾದ ಬೆಲೆ ಎಂಬ ಕಾರಣಕ್ಕೆ ‘ಸೈದ್ಧಾಂತಿಕ’ ಎಂಬ ವಿಶೇಷಣ ಅಂಟಿಕೊಂಡಿದೆ.

## ರಿಲಯನ್ಸ್‌ನ ಅಂಕಿಗಳೊಂದಿಗೆ ಅದೇ ಲೆಕ್ಕ

2020ರ ಏಪ್ರಿಲ್ 30ರಂದು ರಿಲಯನ್ಸ್ ತನ್ನ ಹಕ್ಕಿನ ಷೇರನ್ನು ಪ್ರಕಟಿಸಿತು. ಪ್ರತಿ 15 ಷೇರಿಗೆ 1 ಹೊಸ ಷೇರು, ಬೆಲೆ 1,257 ರೂಪಾಯಿ, ಒಟ್ಟು ಸಂಗ್ರಹಿಸುವ ಹಣ 53,124 ಕೋಟಿ ರೂಪಾಯಿ. ಅಂದು ಮಾರುಕಟ್ಟೆಯಲ್ಲಿ ಷೇರಿನ ಬೆಲೆ ಸುಮಾರು 1,467 ರೂಪಾಯಿ ಇತ್ತು, ಅಂದರೆ ಹೊಸ ಷೇರನ್ನು ಸುಮಾರು ಶೇ 14ರಷ್ಟು ಕಡಿಮೆಗೆ ಕೊಡಲಾಗಿತ್ತು. ಶಿಸ್ತಿನ ಲೆಕ್ಕದಲ್ಲಿ ಹಕ್ಕು ಸೇರಿದ ಕೊನೆಯ ದಿನದ ಬೆಲೆಯನ್ನು ಹಿಡಿಯಬೇಕು. ಇಲ್ಲಿ ಪ್ರಕಟಣೆಯ ದಿನದ ಬೆಲೆಯನ್ನು ತೆಗೆದುಕೊಂಡಿದ್ದೇನೆ, ಯಾವ ದಿನದ ಬೆಲೆ ಹಿಡಿದರೂ ಹೆಜ್ಜೆಗಳು ಇವೇ.

15 ಹಳೆಯ ಷೇರುಗಳ ಮೌಲ್ಯ 15 × 1,467, ಅಂದರೆ 22,005 ರೂಪಾಯಿ. ಅದಕ್ಕೆ ಒಂದು ಹೊಸ ಷೇರಿಗಾಗಿ ಕಟ್ಟುವ 1,257 ರೂಪಾಯಿ ಸೇರಿಸಿದರೆ 23,262 ರೂಪಾಯಿ. ಈಗ ಷೇರುಗಳು 16 ಆಗಿವೆ. 23,262ನ್ನು 16ರಿಂದ ಭಾಗಿಸಿದರೆ ಸುಮಾರು 1,453.88 ರೂಪಾಯಿ. ಇದೇ ಟರ್ಪ್.

ಒಂದು ಹೊಸ ಷೇರು ಪಡೆಯುವ ಹಕ್ಕಿನ ಮೌಲ್ಯ ಇಲ್ಲಿಂದ ಒಂದೇ ಹೆಜ್ಜೆ. ಹಕ್ಕು ಹಿಡಿದವರು 1,257 ರೂಪಾಯಿ ಕೊಟ್ಟು 1,453.88 ರೂಪಾಯಿಯ ವಸ್ತುವನ್ನು ಪಡೆಯುತ್ತಾರೆ. ವ್ಯತ್ಯಾಸ ಸುಮಾರು 196.88 ರೂಪಾಯಿ, ಒಂದು ಆರ್‌ಇಗೆ ಇರಬೇಕಾದ ಮೌಲ್ಯ ಅದೇ. ಇಲ್ಲಿ ಅನೇಕರು ಜಾರುವ ಒಂದು ಜಾಗವಿದೆ. ಮಾರುಕಟ್ಟೆ ಬೆಲೆ 1,467, ಹಕ್ಕಿನ ಬೆಲೆ 1,257, ಆದ್ದರಿಂದ ಲಾಭ 210 ರೂಪಾಯಿ ಎಂದು ಅವರು ಕಳೆದುಬಿಡುತ್ತಾರೆ. ಆದರೆ 1,467 ಎಂಬುದು ಹಕ್ಕು ಸೇರಿದ ಷೇರಿನ ಬೆಲೆ. ಹೊಸದಾಗಿ ಕೈಗೆ ಬರುವ ಷೇರಿನಲ್ಲಿ ಆ ಹಕ್ಕು ಇಲ್ಲ, ಅದು ಬೆರೆತ ಬೆಲೆಯ ಷೇರು. ಹಕ್ಕಿನ ಬೆಲೆಯನ್ನು ಕಳೆಯಬೇಕಾದದ್ದು ಬೆರೆತ ಬೆಲೆಯಿಂದ.

## ‘ಒಂದು ಹಕ್ಕು’ ಎಂದರೆ ಯಾವುದು?

ಹಣಕಾಸಿನ ಪಠ್ಯಪುಸ್ತಕ ತೆರೆದವರಿಗೆ ಇಲ್ಲೊಂದು ಗೊಂದಲ ಕಾದಿರುತ್ತದೆ. ಅಲ್ಲಿನ ಹಳೆಯ ಸೂತ್ರ ಹೀಗಿದೆ: ಕಮ್-ರೈಟ್ಸ್ ಬೆಲೆಯಿಂದ ಹಕ್ಕಿನ ಬೆಲೆಯನ್ನು ಕಳೆದು, ಒಂದು ಹೊಸ ಷೇರಿಗೆ ಬೇಕಾದ ಹಳೆಯ ಷೇರುಗಳ ಸಂಖ್ಯೆಗೆ ಒಂದನ್ನು ಕೂಡಿಸಿ, ಅದರಿಂದ ಭಾಗಿಸಬೇಕು. ರಿಲಯನ್ಸ್‌ಗೆ ಇದನ್ನು ಹಾಕಿದರೆ 1,467ರಿಂದ 1,257 ಕಳೆದು ಉಳಿದ 210ನ್ನು 16ರಿಂದ ಭಾಗಿಸಬೇಕು, ಉತ್ತರ ಸುಮಾರು 13.13 ರೂಪಾಯಿ. ಮೇಲಿನ ಲೆಕ್ಕ 196.88 ಎಂದಿತ್ತು. ಎರಡರಲ್ಲಿ ತಪ್ಪು ಯಾವುದು?

ತಪ್ಪು ಯಾವುದೂ ಇಲ್ಲ. ಪಠ್ಯಪುಸ್ತಕದ ಪ್ರಕಾರ ಪ್ರತಿ ಹಳೆಯ ಷೇರಿಗೂ ಒಂದು ಹಕ್ಕು ಅಂಟಿಕೊಂಡಿದೆ ಮತ್ತು ಒಂದು ಹೊಸ ಷೇರು ಪಡೆಯಲು ಅಂಥ 15 ಹಕ್ಕುಗಳು ಬೇಕು. 13.13 ಎಂಬುದು ಆ ಸಣ್ಣ ಹಕ್ಕಿನ ಮೌಲ್ಯ, ಹಳೆಯ ಷೇರಿನ ಬೆಲೆ 1,467ರಿಂದ 1,453.88ಕ್ಕೆ ಇಳಿದದ್ದೂ ಇಷ್ಟೇ. ನಮ್ಮ ವಿನಿಮಯ ಕೇಂದ್ರಗಳಲ್ಲಿ ವಹಿವಾಟಾಗುವ ಆರ್‌ಇ ಮಾತ್ರ ಒಂದು ಹೊಸ ಷೇರಿಗೆ ಒಂದರಂತೆ ಇರುತ್ತದೆ, ಅಂದರೆ ಅದು 15 ಸಣ್ಣ ಹಕ್ಕುಗಳ ಒಂದು ಕಟ್ಟು. ಬಿಡಿ ಬಿಡಿಯಾಗಿ ಲೆಕ್ಕ ಹಾಕಿದರೂ ಕಟ್ಟಾಗಿ ಲೆಕ್ಕ ಹಾಕಿದರೂ ಹಣ ಒಂದೇ. ಪರೀಕ್ಷೆಗೆ ಓದುವವರು ಪ್ರಶ್ನೆ ಯಾವ ಹಕ್ಕನ್ನು ಕೇಳುತ್ತಿದೆ ಎಂದು ನೋಡಿಕೊಳ್ಳಬೇಕು. ಮೊಬೈಲ್ ಪರದೆಯಲ್ಲಿ ಆರ್‌ಇ ಬೆಲೆ ನೋಡುವವರಿಗೆ ದೊಡ್ಡ ಸಂಖ್ಯೆಯೇ ಲೆಕ್ಕಕ್ಕೆ ಬರುವುದು.

## 150 ಷೇರುಗಳ ಮುಂದಿರುವ ಮೂರು ದಾರಿ

ಒಬ್ಬ ನಿವೃತ್ತ ಅಧ್ಯಾಪಕಿಯ ಬಳಿ ರಿಲಯನ್ಸ್‌ನ 150 ಷೇರುಗಳಿವೆ ಎಂದಿಟ್ಟುಕೊಳ್ಳೋಣ. 1,467 ರೂಪಾಯಿಯಂತೆ ಅವುಗಳ ಮೌಲ್ಯ 2,20,050 ರೂಪಾಯಿ. ಅವರ ಖಾತೆಗೆ 10 ಆರ್‌ಇ ಬಂದಿವೆ. ಸದ್ಯಕ್ಕೆ ಹಕ್ಕಿನ ಪೂರ್ತಿ ಹಣವನ್ನು ಒಂದೇ ಸಲ ಕಟ್ಟಬೇಕು ಎಂದು ಭಾವಿಸೋಣ. ನಿಜವಾಗಿ ಕಂತುಗಳಿದ್ದವು, ಆ ವಿಷಯ ಮುಂದೆ ಬರುತ್ತದೆ.

ಅವರು ಹಕ್ಕನ್ನು ಬಳಸಿ 12,570 ರೂಪಾಯಿ ಕಟ್ಟಿದರೆ ಷೇರುಗಳು 160 ಆಗುತ್ತವೆ. 1,453.875 ರೂಪಾಯಿಯಂತೆ ಅವುಗಳ ಮೌಲ್ಯ 2,32,620 ರೂಪಾಯಿ. ಇದರಿಂದ ತಾವು ಹೊಸದಾಗಿ ಕಟ್ಟಿದ 12,570ನ್ನು ಕಳೆದರೆ ಉಳಿಯುವುದು 2,20,050. ಮೊದಲಿದ್ದಷ್ಟೇ ಹಣ.

ಅವರ ಬಳಿ ಆ ಹಣ ಇಲ್ಲ, ಅಥವಾ ಒಂದೇ ಕಂಪನಿಯಲ್ಲಿ ಇನ್ನಷ್ಟು ಹಣ ಹಾಕುವ ಮನಸ್ಸಿಲ್ಲ. ಆಗ ಹತ್ತೂ ಆರ್‌ಇಗಳನ್ನು ತಲಾ 196.875 ರೂಪಾಯಿಗೆ ಮಾರಿದರೆ 1,968.75 ರೂಪಾಯಿ ಕೈಗೆ ಬರುತ್ತದೆ. ಉಳಿದ 150 ಷೇರುಗಳ ಮೌಲ್ಯ 2,18,081.25. ಎರಡನ್ನೂ ಕೂಡಿಸಿದರೆ ಮತ್ತೆ 2,20,050. ದಲ್ಲಾಳಿ ಶುಲ್ಕ ಮತ್ತು ತೆರಿಗೆ ಸ್ವಲ್ಪ ಕೊರೆಯುತ್ತವೆ ಎಂಬುದು ನಿಜ. ಮೂಲ ಷೇರುದಾರರಿಗೆ ಹಕ್ಕಿನ ಖರೀದಿ ವೆಚ್ಚ ಶೂನ್ಯವೆಂದೇ ಹಿಡಿಯುವುದರಿಂದ ಮಾರಿ ಬಂದ ಹಣವೆಲ್ಲ ಬಂಡವಾಳ ಲಾಭವೆಂದು ಎಣಿಸಲ್ಪಡುತ್ತದೆ. ಆದರೂ ಮೌಲ್ಯದ ಬಹುಪಾಲು ಅವರಲ್ಲೇ ಉಳಿಯುತ್ತದೆ.

ಮೂರನೆಯ ದಾರಿ ಏನೂ ಮಾಡದೆ ಇರುವುದು. ಹಾಗೆ ಇದ್ದರೆ ಷೇರುಗಳ ಮೌಲ್ಯ 2,18,081.25ಕ್ಕೆ ಇಳಿದಿರುತ್ತದೆ, ಆರ್‌ಇಗಳು ಅವಧಿ ಮುಗಿದು ಅಳಿಸಿಹೋಗಿರುತ್ತವೆ, 1,968.75 ರೂಪಾಯಿ ಹೋದಂತೆಯೇ. ನಷ್ಟ ಉಂಟಾಗುವುದು ಈ ದಾರಿಯಲ್ಲಿ ಮಾತ್ರ. ಹಕ್ಕಿನ ಷೇರಿನಿಂದ ಬೆಲೆ ಇಳಿದು ನಷ್ಟವಾಯಿತೆಂದು ಹೇಳುವವರಲ್ಲಿ ಹಲವರಿಗೆ ಆದದ್ದು ಇದೇ ಎಂದು ನನ್ನ ಭಾವನೆ. ಬೆಲೆ ಇಳಿತಕ್ಕೆ ಪರಿಹಾರವಾಗಿ ಬಂದ ವಸ್ತು ಖಾತೆಯಲ್ಲೇ ಇದ್ದರೂ ಅವರು ಅದನ್ನು ಮುಟ್ಟಲಿಲ್ಲ.

ಹಾಗೆ ಬಿಟ್ಟ ಹಣ ಗಾಳಿಯಲ್ಲಿ ಕರಗುವುದಿಲ್ಲ. ತಮ್ಮ ಪಾಲಿಗಿಂತ ಹೆಚ್ಚು ಷೇರು ಬೇಕೆಂದು ಅರ್ಜಿ ಹಾಕಿದ ಇತರ ಷೇರುದಾರರಿಗೆ ಆ ಷೇರುಗಳು 1,257 ರೂಪಾಯಿಗೇ ಹೋಗುತ್ತವೆ, 196 ರೂಪಾಯಿಯ ಲಾಭ ಅವರದಾಗುತ್ತದೆ. ರಿಲಯನ್ಸ್‌ನ ಹಕ್ಕಿನ ಷೇರಿಗೆ ಬೇಕಾದದ್ದಕ್ಕಿಂತ 1.59 ಪಟ್ಟು ಅರ್ಜಿಗಳು ಬಂದವು. ಬೇರೆಯವರು ಬಿಟ್ಟದ್ದು ಸಿಗಲಿ ಎಂಬ ನಿರೀಕ್ಷೆ ಆ ಹೆಚ್ಚುವರಿ ಅರ್ಜಿಗಳ ಹಿಂದೆ ಇರುವಂಥದು.

## ಅಗ್ಗವಾಗಿ ಕೊಟ್ಟರೆ ಹೆಚ್ಚು ಲಾಭವೇ?

ರಿಲಯನ್ಸ್‌ನಲ್ಲಿ ಹದಿನೈದಕ್ಕೆ ಒಂದು ಷೇರು ಮಾತ್ರ ಬಂದದ್ದರಿಂದ ಇಳಿತ ಶೇ 1ಕ್ಕಿಂತಲೂ ಕಡಿಮೆ ಇತ್ತು. ಎಲ್ಲ ಕಡೆ ಹೀಗಿರುವುದಿಲ್ಲ. ಮಂಗಳೂರಿನ ಕರ್ಣಾಟಕ ಬ್ಯಾಂಕ್ 2016ರ ಕೊನೆಯಲ್ಲಿ ನೀಡಿದ ಹಕ್ಕಿನ ಷೇರಿನಲ್ಲಿ ಪ್ರತಿ ಎರಡು ಷೇರಿಗೆ ಒಂದು ಹೊಸ ಷೇರು, 70 ರೂಪಾಯಿಗೆ. ಈ ಪ್ರಮಾಣ ಮತ್ತು ಬೆಲೆಯನ್ನು ಹಾಗೆಯೇ ಇಟ್ಟುಕೊಂಡು, ಲೆಕ್ಕ ತೊಡಕಾಗದಿರಲೆಂದು ಕಮ್-ರೈಟ್ಸ್ ಬೆಲೆಯನ್ನು ಮಾತ್ರ 160 ರೂಪಾಯಿ ಎಂದು ಊಹಿಸಿಕೊಳ್ಳೋಣ. ಎರಡು ಹಳೆಯ ಷೇರಿಗೆ 320, ಹೊಸದಕ್ಕೆ 70, ಒಟ್ಟು 390, ಮೂರು ಷೇರು. ಬೆರೆತ ಬೆಲೆ 130 ರೂಪಾಯಿ. ಅಂದರೆ ಒಂದೇ ರಾತ್ರಿಯಲ್ಲಿ ಶೇ 19ರ ಸಮೀಪದ ಇಳಿತ. ಸುದ್ದಿ ತಿಳಿಯದೆ ಬೆಳಿಗ್ಗೆ ಬೆಲೆ ನೋಡಿದವರ ಎದೆ ಧಸಕ್ಕೆನ್ನುವುದು ಸಹಜ. ಆದರೆ ಅವರ ಬಳಿಯಿರುವ ಪ್ರತಿ ಎರಡು ಷೇರಿಗೆ 60 ರೂಪಾಯಿ ಮೌಲ್ಯದ ಒಂದು ಹಕ್ಕೂ ಇದೆ. 130ರ ಎರಡು ಷೇರು 260, ಹಕ್ಕು 60, ಕೂಡಿದರೆ 320.

ಈಗ ಅದೇ ಬ್ಯಾಂಕ್ 70ರ ಬದಲು 100 ರೂಪಾಯಿಗೆ ಹಕ್ಕಿನ ಷೇರು ಕೊಟ್ಟಿತ್ತು ಎಂದು ಭಾವಿಸಿ ನೋಡೋಣ. ಬೆರೆತ ಬೆಲೆ 140 ಆಗುತ್ತದೆ, ಹಕ್ಕಿನ ಮೌಲ್ಯ 40 ಆಗುತ್ತದೆ. ಎರಡು ಷೇರಿಗೆ 280, ಹಕ್ಕಿಗೆ 40, ಮತ್ತೆ 320. ಬೆಲೆ ಎಷ್ಟು ಅಗ್ಗವಾದರೂ ಷೇರುದಾರರ ಸಂಪತ್ತು ಹೆಚ್ಚಲಿಲ್ಲ, ಕಡಿಮೆಯಾಗಲೂ ಇಲ್ಲ. ತಮ್ಮದೇ ಕಂಪನಿಯ ಪಾಲನ್ನು ತಮಗೇ ಅಗ್ಗವಾಗಿ ಮಾರಿಕೊಂಡರೆ ಒಂದು ಜೇಬಿನಿಂದ ಇನ್ನೊಂದಕ್ಕೆ ಹಣ ಹಾಕಿದಂತೆ. ಬೆಲೆ ಅಗ್ಗವಾದಷ್ಟೂ ಸಂಪತ್ತಿನಲ್ಲಿ ಷೇರಿನ ಭಾಗ ಕುಗ್ಗಿ ಹಕ್ಕಿನ ಭಾಗ ಹಿಗ್ಗುತ್ತದೆ, ಆದ್ದರಿಂದ ಏನೂ ಮಾಡದೆ ಕುಳಿತವರ ನಷ್ಟವೂ ಅಷ್ಟೇ ದೊಡ್ಡದಾಗುತ್ತದೆ.

ಹಣ ಪೂರ್ತಿ ಇಲ್ಲದವರಿಗೆ ನಡುವಿನ ದಾರಿಯೊಂದಿದೆ. 200 ಷೇರುಳ್ಳವರಿಗೆ ಈ ಲೆಕ್ಕದಲ್ಲಿ 100 ಹಕ್ಕುಗಳು ಬರುತ್ತವೆ. ಅವರು 54 ಹಕ್ಕುಗಳನ್ನು 60 ರೂಪಾಯಿಯಂತೆ ಮಾರಿದರೆ 3,240 ರೂಪಾಯಿ ಬರುತ್ತದೆ, ಉಳಿದ 46 ಹಕ್ಕುಗಳಿಗೆ 70 ರೂಪಾಯಿಯಂತೆ ಬೇಕಾದದ್ದು 3,220 ರೂಪಾಯಿ. ಕೈಯಿಂದ ಒಂದು ರೂಪಾಯಿಯನ್ನೂ ಹಾಕದೆ 46 ಹೊಸ ಷೇರುಗಳು ಸಿಗುತ್ತವೆ, ಶುಲ್ಕಗಳಿಗೆಂದು 20 ರೂಪಾಯಿ ಉಳಿಯುತ್ತದೆ. ಕಂಪನಿಯಲ್ಲಿ ಅವರ ಪಾಲಿನ ಪ್ರಮಾಣ ಮಾತ್ರ ಕುಗ್ಗುತ್ತದೆ.

ಹಳೆಯ ಬೆಲೆಗಳ ನಕ್ಷೆ ನೋಡುವಾಗಲೂ ಈ ಲೆಕ್ಕ ನೆನಪಿನಲ್ಲಿರಬೇಕು. 160ರಿಂದ 130ಕ್ಕೆ ಬಂದ ಬೆಲೆಯನ್ನು ಹಾಗೆಯೇ ಬಿಟ್ಟರೆ ನಕ್ಷೆಯಲ್ಲಿ ಇಲ್ಲದ ಕುಸಿತವೊಂದು ಕಾಣುತ್ತದೆ. ಲೆಕ್ಕಪತ್ರದ ನಿಯಮಗಳೂ ಇದೇ ಕಾರಣಕ್ಕೆ ಹಿಂದಿನ ವರ್ಷಗಳ ಪ್ರತಿ ಷೇರಿನ ಗಳಿಕೆಯನ್ನು ಕಮ್-ರೈಟ್ಸ್ ಬೆಲೆ ಮತ್ತು ಟರ್ಪ್ ನಡುವಿನ ಅನುಪಾತದಿಂದ ಹೊಂದಿಸಲು ಹೇಳುತ್ತವೆ. ವಾರ್ಷಿಕ ವರದಿಯಲ್ಲಿ ಕಳೆದ ವರ್ಷದ ಅಂಕಿ ಬದಲಾಗಿ ಕಂಡರೆ ಗಾಬರಿ ಬೇಡ, ಕಾರಣ ಇದಿರಬಹುದು.

## ಮಾರುಕಟ್ಟೆ ಲೆಕ್ಕವನ್ನು ಏಕೆ ಪಾಲಿಸುವುದಿಲ್ಲ

ಮೇ 20ರಂದು ರಿಲಯನ್ಸ್ ಆರ್‌ಇಗಳ ವಹಿವಾಟು ಆರಂಭವಾದಾಗ ವಿನಿಮಯ ಕೇಂದ್ರ ಗೊತ್ತುಮಾಡಿದ್ದ ಆರಂಭಿಕ ಆಧಾರ ಬೆಲೆ 151.90 ರೂಪಾಯಿ, ನಮ್ಮ ಲೆಕ್ಕದ 196.88 ಅಲ್ಲ. ಕಾರಣ ಸರಳ. ಏಪ್ರಿಲ್ 30ರ ನಂತರ ಷೇರಿನ ಬೆಲೆಯೇ ಇಳಿದು ಮೇ 19ರಂದು 1,408.90 ರೂಪಾಯಿಗೆ ಮುಗಿದಿತ್ತು. ಅದರಿಂದ 1,257 ಕಳೆದರೆ 151.90. ಇಲ್ಲಿ ಸರಾಸರಿ ತೆಗೆಯುವ ಹೆಜ್ಜೆ ಇಲ್ಲದಿರುವುದನ್ನು ಗಮನಿಸಬೇಕು. ಮೇ 13ರಿಂದಲೇ ಷೇರು ಎಕ್ಸ್-ರೈಟ್ಸ್ ಆಗಿದ್ದರಿಂದ ಮಾರುಕಟ್ಟೆ ಬೆಲೆ ಆಗಲೇ ಬೆರೆತ ಬೆಲೆಯಾಗಿತ್ತು. ಎಕ್ಸ್-ರೈಟ್ಸ್ ಆದ ನಂತರದ ಬೆಲೆಗೆ ಮತ್ತೊಮ್ಮೆ ಟರ್ಪ್ ಸೂತ್ರ ಹಾಕಿದರೆ ಇಳಿತವನ್ನು ಎರಡು ಸಲ ಎಣಿಸಿದಂತಾಗುತ್ತದೆ. ಸೂತ್ರ ಹಿಡಿದು ಕೂರುವವರು ಮಾಡುವ ತಪ್ಪು ಇದು.

ಆದರೆ ಅಂದು ಆರ್‌ಇ ಬೆಲೆ 151.90ರಲ್ಲಿ ನಿಲ್ಲಲಿಲ್ಲ, 200 ರೂಪಾಯಿಯನ್ನು ದಾಟಿತು. ಕೊಂಡವರು ಲೆಕ್ಕ ಬಾರದವರೇನಲ್ಲ. 1,257 ರೂಪಾಯಿಯನ್ನು ಒಂದೇ ಸಲ ಕಟ್ಟಬೇಕಿರಲಿಲ್ಲ ಎಂಬುದು ಅವರಿಗೆ ಗೊತ್ತಿತ್ತು. ಅರ್ಜಿಯೊಂದಿಗೆ 314.25, ಒಂದು ವರ್ಷದ ನಂತರ 2021ರ ಮೇ ತಿಂಗಳಲ್ಲಿ ಮತ್ತೆ 314.25, ಆ ವರ್ಷದ ನವೆಂಬರ್‌ನಲ್ಲಿ ಉಳಿದ 628.50 ರೂಪಾಯಿ ಕಟ್ಟಬೇಕಿತ್ತು. ಮುಂದೆ ಕೊಡುವ ಹಣ ಇಂದು ಕೊಡುವ ಹಣಕ್ಕಿಂತ ಹಗುರ. ವರ್ಷಕ್ಕೆ ಶೇ 8ರ ಬಡ್ಡಿ ಹಿಡಿದರೆ ಒಂದು ವರ್ಷದ ನಂತರದ 314.25ರ ಇಂದಿನ ಬೆಲೆ ಸುಮಾರು 291, ಒಂದೂವರೆ ವರ್ಷದ ನಂತರದ 628.50ರ ಇಂದಿನ ಬೆಲೆ ಸುಮಾರು 560. ಮೊದಲ ಕಂತನ್ನೂ ಸೇರಿಸಿದರೆ ಹೊಸ ಷೇರಿನ ನಿಜವಾದ ವೆಚ್ಚ ಸುಮಾರು 1,165 ರೂಪಾಯಿ. ಹೀಗೆ ಉಳಿಯುವ ಸುಮಾರು 92 ರೂಪಾಯಿ ಹಕ್ಕಿನ ಮೌಲ್ಯಕ್ಕೆ ಸೇರಿಕೊಳ್ಳುತ್ತದೆ. ಪೂರ್ತಿ ಹಣ ಕಟ್ಟದ ಷೇರಿಗೆ ಲಾಭಾಂಶ ಪೂರ್ತಿ ಬರುವುದಿಲ್ಲವಾದ್ದರಿಂದ ಅದರಲ್ಲಿ ಸ್ವಲ್ಪ ಕಡಿತವೂ ಇದೆ. ಹೀಗೆ ನೋಡಿದರೆ 200 ದಾಟಿದ ಬೆಲೆ ಹುಚ್ಚಾಟವಾಗಿ ಕಾಣುವುದಿಲ್ಲ. ಕಂತಿನ ಹಕ್ಕಿನ ಷೇರಿನಲ್ಲಿ ಬೆಲೆಯನ್ನು ನೇರವಾಗಿ ಕಳೆದರೆ ಹಕ್ಕಿನ ಮೌಲ್ಯ ಕಡಿಮೆ ತೋರುತ್ತದೆ.

ಟರ್ಪ್ ಇನ್ನೂ ಒಂದು ದೊಡ್ಡ ಊಹೆಯ ಮೇಲೆ ನಿಂತಿದೆ. ಕಂಪನಿಗೆ ಬರುವ ಪ್ರತಿ ರೂಪಾಯಿ ಒಂದು ರೂಪಾಯಿಯಾಗಿಯೇ ಉಳಿಯುತ್ತದೆ ಎಂದು ಅದು ತಿಳಿಯುತ್ತದೆ. ಆ ಹಣದಿಂದ ಒಳ್ಳೆಯ ಗಳಿಕೆಯ ಕೆಲಸವಾಗುತ್ತದೆಂದು ಮಾರುಕಟ್ಟೆ ನಂಬಿದರೆ ಬೆಲೆ ಟರ್ಪ್‌ಗಿಂತ ಮೇಲೆ ನಿಲ್ಲುತ್ತದೆ. ಕಂಪನಿ ಹಣವಿಲ್ಲದೆ ಕೈ ಚಾಚುತ್ತಿದೆ ಎಂಬ ಅನುಮಾನ ಬಂದರೆ ಕೆಳಗಿಳಿಯುತ್ತದೆ. ಆದ್ದರಿಂದ ಎಕ್ಸ್-ರೈಟ್ಸ್ ದಿನದ ಇಳಿತವನ್ನು ಹಳೆಯ ಬೆಲೆಗೆ ಹೋಲಿಸದೆ ಟರ್ಪ್‌ಗೆ ಹೋಲಿಸಬೇಕು. 160ರ ಷೇರು 128ಕ್ಕೆ ಬಂದರೆ ಮಾರುಕಟ್ಟೆಯ ಅಸಮಾಧಾನ 2 ರೂಪಾಯಿ, 32 ರೂಪಾಯಿ ಅಲ್ಲ.

## ಹಕ್ಕಿಗೆ ಬೆಲೆಯೇ ಇಲ್ಲದ ಸಂದರ್ಭ

ಅವಧಿ ಮುಗಿಯುವ ಮೊದಲು ಷೇರಿನ ಮಾರುಕಟ್ಟೆ ಬೆಲೆ ಹಕ್ಕಿನ ಬೆಲೆಗಿಂತ ಕೆಳಗೆ ಬಿದ್ದರೆ ಸೂತ್ರ ಋಣ ಸಂಖ್ಯೆಯನ್ನು ಕೊಡುತ್ತದೆ. ರಿಲಯನ್ಸ್ ಷೇರು 1,200ಕ್ಕೆ ಇಳಿದಿದ್ದರೆ ಉತ್ತರ ಋಣ 57 ಆಗುತ್ತಿತ್ತು. ಆದರೆ ಹಕ್ಕು ಎಂಬುದು ಕರ್ತವ್ಯವಲ್ಲ, ಬಳಸಲೇಬೇಕೆಂಬ ಕಟ್ಟುಪಾಡಿಲ್ಲ. ಆದ್ದರಿಂದ ಹಕ್ಕಿನ ಮೌಲ್ಯ ಸೊನ್ನೆಗಿಂತ ಕೆಳಗೆ ಹೋಗುವುದಿಲ್ಲ. ಅಂಥ ಹೊತ್ತಿನಲ್ಲಿ ಅರ್ಜಿ ಹಾಕದೆ ಬಿಡುವುದೇ ಸರಿಯಾದ ಲೆಕ್ಕ, ಷೇರು ಬೇಕೆನಿಸಿದರೆ ಮಾರುಕಟ್ಟೆಯಲ್ಲೇ ಅಗ್ಗವಾಗಿ ಸಿಗುತ್ತದೆ. ಹಾಗೆಯೇ ಕೊನೆಯ ದಿನಗಳಲ್ಲಿ ಆರ್‌ಇ ಬೆಲೆ ಲೆಕ್ಕಕ್ಕಿಂತ ಕಡಿಮೆ ಕಾಣುವುದೂ ಉಂಟು. ಕೊಂಡವರು ಅರ್ಜಿ ಹಾಕಿ ಹಣ ಕಟ್ಟಿ ಷೇರು ಬರುವವರೆಗೆ ಕಾಯಬೇಕು, ಆ ನಡುವೆ ಬೆಲೆ ಇಳಿಯುವ ಅಪಾಯಕ್ಕೆ ಅವರು ಸ್ವಲ್ಪ ರಿಯಾಯಿತಿ ಕೇಳುತ್ತಾರೆ.

ಹದಿನೈದರ ಪೂರ್ಣ ಗುಣಕ ಇಲ್ಲದವರ ಕಥೆ ಬೇರೆ. 22 ಷೇರುಳ್ಳವರಿಗೆ ಒಂದು ಆರ್‌ಇ ಬರುತ್ತದೆ, ಉಳಿದ ಏಳು ಷೇರುಗಳ ಚೂರು ಹಕ್ಕು ಲೆಕ್ಕಕ್ಕೆ ಬರುವುದಿಲ್ಲ. 15ಕ್ಕಿಂತ ಕಡಿಮೆ ಷೇರುಳ್ಳವರಿಗೆ ಒಂದೂ ಬರುವುದಿಲ್ಲ, ಆದರೆ ಒಂದು ಹೆಚ್ಚುವರಿ ಷೇರಿಗೆ ಅರ್ಜಿ ಹಾಕಿದರೆ ಹಂಚಿಕೆಯಲ್ಲಿ ಅವರಿಗೆ ಆದ್ಯತೆ ಇರುತ್ತದೆ.

## ಕೊನೆಯ ದಿನಗಳು

ರಿಲಯನ್ಸ್‌ನ ಹಕ್ಕಿನ ಷೇರಿಗೆ ಅರ್ಜಿ ಹಾಕುವ ಅವಧಿ ಜೂನ್ 3ರವರೆಗೆ ಇತ್ತು. ಆದರೆ ಆರ್‌ಇ ವಹಿವಾಟು ಮೇ 29ಕ್ಕೇ ಮುಗಿಯಿತು. ಎರಡು ದಿನಾಂಕಗಳ ನಡುವಿನ ಈ ಅಂತರ ಉದ್ದೇಶಪೂರ್ವಕವಾದದ್ದು. ಕೊನೆಯ ದಿನ ಆರ್‌ಇ ಕೊಂಡವರ ಖಾತೆಗೆ ಅದು ಬಂದು ಸೇರಿ, ಅವರು ಅರ್ಜಿ ಹಾಕಲು ಸಮಯ ಉಳಿಯಬೇಕು. ಮಾರುವ ಆಲೋಚನೆಯಿದ್ದವರು ಕೊನೆಯ ದಿನಾಂಕ ಜೂನ್ 3 ಎಂದುಕೊಂಡು ಜೂನ್ 1ರಂದು ಮಾರಲು ಹೋದರೆ ವಿನಿಮಯ ಕೇಂದ್ರದಲ್ಲಿ ಮಾರಾಟದ ಬಾಗಿಲು ಮುಚ್ಚಿರುತ್ತದೆ. ಅವರಿಗೆ ಉಳಿಯುವ ದಾರಿ ಹಣ ಕಟ್ಟುವುದು, ಇಲ್ಲವೇ ಕಳೆದುಕೊಳ್ಳುವುದು. ಪರಿಚಯದವರೊಬ್ಬರಿಗೆ ಡಿಮ್ಯಾಟ್ ಖಾತೆಯಿಂದ ಖಾತೆಗೆ ನೇರವಾಗಿ ವರ್ಗಾಯಿಸುವ ಅವಕಾಶವೂ ಇದೆ, ಅದಕ್ಕೂ ಅವಧಿ ಮುಗಿಯುವುದರೊಳಗೆ ವರ್ಗಾವಣೆ ಪೂರ್ಣಗೊಂಡಿರಬೇಕು.

ಕೊಂಡವರು ಎಡವುವ ಜಾಗವೂ ಇಲ್ಲೇ ಇದೆ. ಒಂದು ಆರ್‌ಇಯನ್ನು 200 ರೂಪಾಯಿಗೆ ಕೊಂಡರೆ ಷೇರು ಕೊಂಡಂತಾಗಲಿಲ್ಲ. ಅರ್ಜಿಯ ಹಣವನ್ನು ಬ್ಯಾಂಕ್ ಖಾತೆಯಲ್ಲೇ ತಡೆಹಿಡಿಯುವ ಅಸ್ಬಾ ವ್ಯವಸ್ಥೆಯ ಮೂಲಕ ಪ್ರತ್ಯೇಕವಾಗಿ ಅರ್ಜಿ ಹಾಕಿ ಕಂತಿನ ಹಣ ಕಟ್ಟಿದರೆ ಮಾತ್ರ ಅದು ಷೇರಾಗುತ್ತದೆ. ಖಾತೆಯಲ್ಲಿ ಕಂಪನಿಯ ಹೆಸರು ಕಂಡು ಸುಮ್ಮನೆ ಕಾದವರ ಆರ್‌ಇಯನ್ನು ಅವಧಿ ಮುಗಿದ ಮೇಲೆ ಡಿಮ್ಯಾಟ್ ಖಾತೆಯಿಂದ ತೆಗೆದುಹಾಕಲಾಗುತ್ತದೆ, ಕೊಂಡ 200 ರೂಪಾಯಿ ಹಿಂದಿರುಗುವುದಿಲ್ಲ. ಆ ಸಾಲಿನಲ್ಲಿ ಇದ್ದದ್ದು ಷೇರು ಅಲ್ಲ, ಜೂನ್ 3ರ ಸಂಜೆಯವರೆಗಷ್ಟೇ ಬಾಳುವ ಒಂದು ಅರ್ಹತೆಯಾಗಿತ್ತು.